ದೊಡ್ಡಪ್ಪ ರಾತ್ರಿ ಏಳುವುದು ಯಾಕೆ: ನಮ್ಮ ಫ್ಯಾಮಿಲಿ ಗ್ರೂಪಿನ ಜಗಳ

ಸೀನ ಚಿಕ್ಕಪ್ಪ (ಫಾರ್ವರ್ಡ್): ರಾತ್ರಿ 3 ಸಲ ಮೂತ್ರಕ್ಕೆ ಏಳುತ್ತೀರಾ? ಅದು ಪ್ರೊಸ್ಟೇಟ್!! ನೆನೆಸಿದ ಕುಂಬಳಬೀಜ 21 ದಿನ ತಿನ್ನಿ. ಆಪರೇಷನ್ ಬೇಡವೇ ಬೇಡ. ತಂದೆ ಇರುವ ಪ್ರತಿಯೊಬ್ಬರಿಗೂ ಕಳಿಸಿ 🙏

ಸೀನ ಚಿಕ್ಕಪ್ಪ: ರಾಘಣ್ಣಾ, ಇದು ನಿನಗೇ 😀

ದೊಡ್ಡಪ್ಪ: ಮೂರಲ್ಲ. ನಾಲ್ಕು.

ಪ್ರಶಾಂತ: ಮೂಲ ಎಲ್ಲಿ ಚಿಕ್ಕಪ್ಪ? ಯಾವ ಡಾಕ್ಟರ್ ಹೇಳಿದ್ದು?

ಸೀನ ಚಿಕ್ಕಪ್ಪ: ಎಲ್ಲದಕ್ಕೂ ಮೂಲ ಕೇಳಬೇಡ. ನನಗೇ ಪ್ರೊಸ್ಟೇಟ್ ಇದೆ, ಅನುಭವ ಇದೆ. ಅಣ್ಣಾ, ನನ್ನ ಮಾತ್ರೆ ಎರಡು ಶೀಟು ಜಾಸ್ತಿ ಇದೆ. ಕಳಿಸ್ತೀನಿ.

ಕಮಲತ್ತೆ: ಅದು ಸಕ್ಕರೆ ಕಾಯಿಲೆ. ನನಗೂ ಶುರುವಾದಾಗ ಹೀಗೇ ಆಗಿತ್ತು. ರಾತ್ರಿ ಹತ್ತಕ್ಕೆ ಊಟ, ಮೇಲೆ ಮೈಸೂರುಪಾಕು. ಹೇಳಿದರೆ ಯಾರು ಕೇಳುತ್ತಾರೆ? ನಮ್ಮ ಅಪ್ಪ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟಿದವರಲ್ಲ.

ಗುಂಡ: ಅಜ್ಜನ ಮನೆ ನೆನಪಾಯಿತು!! ರಾತ್ರಿ ಹಿತ್ತಲಿಗೆ ಹೋಗಲು ಲಾಟೀನು ಬೇಕಿತ್ತು. ಪ್ರಶಾಂತ ಹೆದರಿ ಕಿಟಕಿಯಿಂದಲೇ 😂😂

ಪ್ರಶಾಂತ: ಅದು ನೀನು.

ನಾನು ಯೂರಾಲಜಿ ವಾರ್ಡಿನಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಇದನ್ನೆಲ್ಲ ಓದಿದೆ. ತಮಗೆ ಬಂದ ಕಾಯಿಲೆಯನ್ನೇ ಎಲ್ಲರೂ ದೊಡ್ಡಪ್ಪನಿಗೆ ಅಂಟಿಸುತ್ತಿದ್ದರು. ಅವರನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ನಾನು: ದೊಡ್ಡಪ್ಪ, ಚಿಕ್ಕಪ್ಪನ ಮಾತ್ರೆ ಖಂಡಿತ ಬೇಡ. ಅದು ಕೆಲವರಿಗೆ ಎದ್ದು ನಿಂತಾಗ ಬಿಪಿ ಇಳಿಸುತ್ತದೆ. ನೀವು ಮೊದಲೇ ಬಿಪಿ ಮಾತ್ರೆ ತಗೊಳ್ಳುತ್ತೀರಿ. ಕತ್ತಲಲ್ಲಿ ಎದ್ದು ತಲೆ ಸುತ್ತಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಈಗ ಹೇಳಿ, ಪ್ರತಿ ಸಲ ಎಷ್ಟು ಹೋಗುತ್ತದೆ? ಸ್ವಲ್ಪವಾ, ಧಾರಾಳವಾ?

ಗುಂಡ: ಗ್ರೂಪಿನಲ್ಲಿ ಕೇಳುವ ಪ್ರಶ್ನೆನಾ ಇದು 🙈

ದೊಡ್ಡಪ್ಪ: ಧಾರಾಳ. ಸಲೀಸಾಗಿ ಹೋಗುತ್ತದೆ.

ಸೀನ ಚಿಕ್ಕಪ್ಪ: ಸಲೀಸಾ? ನಾನು ಹೋಗಿ ನಿಂತರೆ ಶುರುವಾಗಲು ಒಂದು ನಿಮಿಷ ಬೇಕು. ಬಂದರೂ ಸಣ್ಣ ಧಾರೆ. ಮುಗಿಯಿತು ಅಂದ ಮೇಲೂ ಹನಿ ಬೀಳುತ್ತದೆ. ಅರ್ಧ ಗಂಟೆಗೆ ಮತ್ತೆ ಹೋಗಬೇಕು.

ನಾನು: ಅದೇ ಚಿಕ್ಕಪ್ಪ, ಅದು ಪ್ರೊಸ್ಟೇಟ್ ಲಕ್ಷಣ. ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ. ಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ, ಪದೇ ಪದೇ ಹೋಗುತ್ತದೆ. ಕಮಲತ್ತೆ, ಸಕ್ಕರೆ ಜಾಸ್ತಿಯಾದರೆ ಅದು ಮೂತ್ರದಲ್ಲಿ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆಗ ರಾತ್ರಿ ಮಾತ್ರವಲ್ಲ, ಹಗಲೂ ಜಾಸ್ತಿ ಹೋಗುತ್ತದೆ. ಬಾಯಾರಿಕೆ ಆಗುತ್ತದೆ, ತೂಕ ಇಳಿಯುತ್ತದೆ. ನಿಮಗೆ ಆಗ ಹಾಗೇ ಇತ್ತಲ್ವಾ? ದೊಡ್ಡಪ್ಪನಿಗೆ ಎರಡೂ ಇಲ್ಲದಿರಬಹುದು. ಅಳೆಯದೆ ಗೊತ್ತಾಗುವುದಿಲ್ಲ.

ಇಷ್ಟು ಬರೆದು ಕಳಿಸುವಷ್ಟರಲ್ಲಿ ಗುಂಡ ಅಜ್ಜನ ಮನೆಯ ಹಿತ್ತಲಿನ ಫೋಟೋ ಹಾಕಿದ್ದ. ಮುಂದಿನ ಹದಿನೈದು ಮೆಸೇಜು ಅಲ್ಲಿದ್ದ ಹಲಸಿನ ಮರವನ್ನು ಕಡಿಸಿದ್ದು ಯಾರು ಎಂಬುದರ ಬಗ್ಗೆ.

ಪ್ರಶಾಂತ: ಮರದ ವಿಷಯ ಬಿಡಿ. ಅಪ್ಪನಿಗೆ ಸುಳ್ಳು ಔಷಧಿ ಹೇಳಬೇಡಿ ಅಂತಷ್ಟೇ ನಾನು ಹೇಳಿದ್ದು.

ಸೀನ ಚಿಕ್ಕಪ್ಪ: ನಿನ್ನ ಅಪ್ಪನ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಮಲಗಿದ್ದು ನಾನು. ನೀನು ಪುಣೆಯಿಂದ ಮೂಲ ಕೇಳುತ್ತಿದ್ದೆ.

ಕಮಲತ್ತೆ: ದೊಡ್ಡವರ ಹತ್ತಿರ ಹೀಗೆ ಮಾತಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ.

ಪ್ರಶಾಂತ ಗ್ರೂಪ್ ಬಿಟ್ಟ. ಸಂಜೆ ಅವನನ್ನು ಮತ್ತೆ ಸೇರಿಸಿದರು.

ಅಷ್ಟರಲ್ಲಿ ನಾನು ದೊಡ್ಡಪ್ಪನಿಗೆ ಬೇರೆಯಾಗಿ ಫೋನ್ ಮಾಡಿ ವಿವರಿಸಿದೆ. ಅಳತೆಯ ಗೆರೆ ಇರುವ ಒಂದು ಜಗ್ಗು, ಒಂದು ಹಾಳೆ, 3 ದಿನ. ಪ್ರತಿ ಸಲ ಹೋದ ಹೊತ್ತು ಮತ್ತು ಅಳತೆ ಬರೆಯಬೇಕು. ಲೆಕ್ಕ ತಪ್ಪುವುದು ಒಂದೇ ಕಡೆ. ಮಲಗುವ ಮುಂಚೆ ಹೋದದ್ದು ಹಗಲಿನ ಲೆಕ್ಕ. ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ರಾತ್ರಿಯ ಲೆಕ್ಕ, ಯಾಕೆಂದರೆ ಅದು ತಯಾರಾದದ್ದು ನಿದ್ದೆಯಲ್ಲಿ. ನಡುವೆ ಮೂತ್ರ ಪೂರ್ತಿ ಕಟ್ಟಿಕೊಂಡರೆ, ರಕ್ತ ಕಂಡರೆ ಅಥವಾ ಚಳಿಜ್ವರ ಬಂದರೆ 3 ದಿನ ಕಾಯದೆ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದೆ.

ನಾಲ್ಕನೇ ದಿನ ಹಾಳೆಯ ಫೋಟೋ ಬಂತು, ನನಗಲ್ಲ, ಗ್ರೂಪಿಗೆ.

ದೊಡ್ಡಪ್ಪ: ರಾತ್ರಿ 350, 350, 300, 250. ಬೆಳಿಗ್ಗೆ ಎದ್ದಾಗ 250. ಹಗಲೆಲ್ಲ ಸೇರಿ 800. ಮೂರು ದಿನವೂ ಹೆಚ್ಚುಕಡಿಮೆ ಇಷ್ಟೇ.

ಕಮಲತ್ತೆ: ಹಾಳೆ ಪಕ್ಕದಲ್ಲಿರುವುದು ನಾನು ಕೊಟ್ಟ ಎಣ್ಣೆ ಜಗ್ಗು ಅಲ್ವಾ?

ದೊಡ್ಡಪ್ಪ: ಗೆರೆ ಇರುವುದು ಅದೊಂದಕ್ಕೇ.

ಗುಂಡ: ದೀಪಾವಳಿಗೆ ಚಕ್ಕುಲಿ ಕರಿದದ್ದು ಅದರಿಂದಲೇ ತಾನೇ 😂

ನಾನು: ಲೆಕ್ಕ ನೋಡಿ. 24 ಗಂಟೆಗೆ 2,300 ಮಿಲಿ. ಅದರಲ್ಲಿ ರಾತ್ರಿಯದು 1,500. ಈ ವಯಸ್ಸಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿ ಬಂದರೆ, ದೇಹ ರಾತ್ರಿಯೇ ಹೆಚ್ಚು ಮೂತ್ರ ತಯಾರಿಸುತ್ತಿದೆ ಅಂತ ಅರ್ಥ. ಇಲ್ಲಿ ಮೂರರಲ್ಲಿ ಎರಡು ಪಾಲು ಹತ್ತಿರ ಇದೆ. ಪ್ರೊಸ್ಟೇಟ್ ದಾರಿ ಅಡ್ಡಗಟ್ಟಬಹುದು, ಮೂತ್ರ ತಯಾರಿಸುವುದಿಲ್ಲ. ದೊಡ್ಡಪ್ಪ, ಸಂಜೆ ಕಾಲು ಊದುತ್ತದಾ?

ದೊಡ್ಡಪ್ಪ: ಸಾಕ್ಸ್ ಬಿಚ್ಚಿದರೆ ಗುಂಡಿ ಬೀಳುತ್ತದೆ. ದಿನವಿಡೀ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರುತ್ತೇನಲ್ಲ.

ನಾನು: ಬಿಪಿ ಮಾತ್ರೆ ಹೆಸರು?

ದೊಡ್ಡಪ್ಪ: ಆಮ್ಲೋಡಿಪಿನ್. ಯುಗಾದಿಯ ನಂತರ ಡೋಸ್ ಜಾಸ್ತಿ ಮಾಡಿದರು.

ಆ ಮಾತ್ರೆ ಒಳ್ಳೆಯದೇ, ಆದರೆ ಕೆಲವರಿಗೆ ಪಾದ ಊದಿಸುತ್ತದೆ, ಡೋಸ್ ಏರಿದರೆ ಇನ್ನೂ ಜಾಸ್ತಿ. ಹಗಲೆಲ್ಲ ಕಾಲಲ್ಲಿ ನಿಂತ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳುತ್ತದೆ. ಕಿಡ್ನಿ ಅದನ್ನು ರಾತ್ರಿಯೇ ಹೊರಹಾಕುತ್ತದೆ. ಹಗಲು ಕಡಿಮೆ, ರಾತ್ರಿ ಜಾಸ್ತಿ ಆಗುವುದು ಹೀಗೆ. ಹೃದಯ ದುರ್ಬಲವಾದರೂ ಕಾಲು ಊದುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವವರಲ್ಲೂ ರಾತ್ರಿ ಮೂತ್ರ ಜಾಸ್ತಿ. ಹಾಗಾಗಿ ನನ್ನ ಊಹೆಯನ್ನು ಗ್ರೂಪಿಗೆ ಬರೆಯಲಿಲ್ಲ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ, ಹಾಳೆ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಎಂದಷ್ಟೇ ಬರೆದೆ.

ಹೋದರು. ಸಕ್ಕರೆ, ಮೂತ್ರ, ಇಸಿಜಿ, ಎಕೋ ಎಲ್ಲ ಸರಿ ಇತ್ತು. ಏದುಸಿರು, ಗೊರಕೆ ಬಗ್ಗೆಯೂ ಡಾಕ್ಟರ್ ಕೇಳಿದರು. ದೊಡ್ಡಮ್ಮ ಇಲ್ಲ ಎಂದರು. ಸ್ಕ್ಯಾನ್ ರಿಪೋರ್ಟನ್ನು ಪ್ರಶಾಂತ ಗ್ರೂಪಿಗೆ ಹಾಕಿದ್ದೇ ತಡ, ಎರಡನೇ ಸುತ್ತು ಶುರುವಾಯಿತು.

ಸೀನ ಚಿಕ್ಕಪ್ಪ: ಪ್ರೊಸ್ಟೇಟ್ 42 ಗ್ರಾಂ!!! ದೊಡ್ಡದಾಗಿದೆ. ನಾನು ಹೇಳಿರಲಿಲ್ವಾ?

ನಾನು: ಚಿಕ್ಕಪ್ಪ, 70 ದಾಟಿದ ಹೆಚ್ಚಿನ ಗಂಡಸರ ಪ್ರೊಸ್ಟೇಟ್ ದೊಡ್ಡದಾಗಿರುತ್ತದೆ. ಅದೇ ಕಾರಣ ಅಂತ ಅರ್ಥವಲ್ಲ. ಅದರ ಕೆಳಗಿನ ಸಾಲು ಓದಿ. ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಉಳಿದದ್ದು 40 ಮಿಲಿ. ಸರಿಯಾಗಿ ಖಾಲಿಯಾಗುತ್ತಿದೆ.

ಸೀನ ಚಿಕ್ಕಪ್ಪ: ಆದರೂ ದೊಡ್ಡದೇ ತಾನೇ.

ಕಮಲತ್ತೆ: ಸಕ್ಕರೆ ಇವತ್ತು ಇಲ್ಲದಿದ್ದರೆ ನಾಳೆ ಬರುತ್ತದೆ. ನಾಲಿಗೆ ಹಿಡಿತದಲ್ಲಿ ಇರಬೇಕು.

ಡಾಕ್ಟರ್ ಬಿಪಿ ಮಾತ್ರೆ ಬದಲಿಸಿದರು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿ ಮಲಗಲು ಹೇಳಿದರು. ಆ ನೀರು ಸಂಜೆಯೊಳಗೆ ಹೊರಗೆ ಹೋಗಲಿ ಅಂತ. ರಾತ್ರಿ ಊಟದ ನಂತರದ ಎರಡು ಲೋಟ ಮಜ್ಜಿಗೆಗೂ ಕತ್ತರಿ ಬಿತ್ತು. ಕೆಲವು ವಾರ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಹೂವುಗಳು.

ದೊಡ್ಡಪ್ಪ: ಈಗ ರಾತ್ರಿ ಒಂದೇ ಸಲ. ಕೆಲವು ದಿನ ಎರಡು. ಕಾಲೂ ಇಳಿದಿದೆ.

ಸೀನ ಚಿಕ್ಕಪ್ಪ: ನೋಡಿದೆಯಾ ಪ್ರಶಾಂತ? ಕುಂಬಳಬೀಜ! ಅರ್ಧ ಕೆಜಿ ಕೊರಿಯರ್ ಮಾಡಿದ್ದೆ. ಈಗ ಬೇಕಾದರೆ ಮೂಲ ಕೇಳು.

ಪ್ರಶಾಂತ: ಅಪ್ಪಾ, ನೀನು ಅದನ್ನು ತಿಂದೆಯಾ??

ದೊಡ್ಡಪ್ಪ: ನನಗೆ ಹಲ್ಲೆಲ್ಲಿದೆ? ಚಟ್ನಿಪುಡಿ ಮಾಡಿಸಿದೆ. ಕಮಲ ಡಬ್ಬಿ ತುಂಬಿಸಿಕೊಂಡು ಹೋದಳು.