ಮೇಜಿನಂಚಿನಿಂದ ಜಾರುವ ಸರಪಳಿ: ಕೈಬಿಟ್ಟ ಕ್ಷಣದ ವೇಗೋತ್ಕರ್ಷ ಎಷ್ಟು?

ಸಿಇಟಿಗೆ ಓದುತ್ತಿರುವ ವಿದ್ಯಾರ್ಥಿನಿ ಕೇಳಿದ್ದು:
ನುಣುಪಾದ ಮೇಜಿನ ಮೇಲೆ 1.2 ಮೀಟರ್ ಉದ್ದದ ಸರಪಳಿ ನೇರವಾಗಿ ಚಾಚಿದೆ. ಅದರಲ್ಲಿ 30 ಸೆಂ.ಮೀ. ಅಂಚಿನಿಂದ ಕೆಳಗೆ ನೇತಾಡ್ತಿದೆ. ಕೈಬಿಟ್ಟ ಕ್ಷಣದಲ್ಲಿ ವೇಗೋತ್ಕರ್ಷ ಎಷ್ಟು? ನಮ್ಮಲ್ಲಿ ಒಬ್ಬಳು g ಅಂತಾಳೆ, ಒಬ್ಬ g/3 ಅಂತಾನೆ, ನನಗೆ g/4 ಬರ್ತಿದೆ. ನೀವೆಲ್ಲ ಇದನ್ನ ಹೇಗೆ ಬಿಡಿಸಿದ್ರಿ?

ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗ:
g ಅಂತೂ ಅಲ್ಲ. ನೇತಾಡೋ ತುಂಡು ಒಂದೇ ಬೀಳ್ತಾ ಇದ್ದಿದ್ರೆ g. ಅದರ ಹಿಂದೆ ಮೇಜಿನ ಮೇಲಿನ 90 ಸೆಂ.ಮೀ. ಕೂಡ ಎಳೆದುಕೊಂಡು ಬರಬೇಕಲ್ಲ. ಎಳೆಯೋ ಬಲ ಅಂದ್ರೆ 30 ಸೆಂ.ಮೀ.ನ ತೂಕ, ಎಳೆಸಿಕೊಳ್ಳೋದು 90 ಸೆಂ.ಮೀ. ಹಾಗಾಗಿ 30/90, ಅಂದ್ರೆ g/3. ಪಿಯುನಲ್ಲಿದ್ದಾಗ ನಾನು ಹೀಗೇ ಯೋಚನೆ ಮಾಡ್ತಿದ್ದೆ.

ಪಿಯು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕಿ:
ಮೊದಲರ್ಧ ಸರಿಯಾಗಿದೆ ಕಣಪ್ಪಾ. ನಿನ್ನ ಲೆಕ್ಕವನ್ನ ಬೇರೆ ಉದ್ದಕ್ಕೆ ಹಾಕಿ ನೋಡು. 60 ಸೆಂ.ಮೀ. ನೇತಾಡ್ತಿದ್ರೆ 60/60, ಅಂದ್ರೆ ಪೂರ್ತಿ g ಬರುತ್ತೆ. ಅರ್ಧ ಸರಪಳಿ ಇನ್ನೂ ಮೇಜಿನ ಮೇಲೇ ಇರುವಾಗ ಅದು ಕೈಬಿಟ್ಟ ಕಲ್ಲಿನಷ್ಟೇ ಜೋರಾಗಿ ಇಳಿಯೋಕೆ ಸಾಧ್ಯ ಇಲ್ಲ. 90 ಸೆಂ.ಮೀ. ನೇತಾಡ್ತಿದ್ರೆ 3g ಆಗುತ್ತೆ, ಅದಂತೂ ಆಗದ ಮಾತು. ನನ್ನ ತರಗತಿಯಲ್ಲಿ ಅತಿ ಹೆಚ್ಚು ಬರೋ ತಪ್ಪು ಉತ್ತರ g ಅಲ್ಲ, ಇದೇ.

ನೇತಾಡೋ ಭಾಗದ ತೂಕ ಮೇಜಿನ ಮೇಲಿನ ಭಾಗವನ್ನ ಮಾತ್ರ ಎಳೆಯಲ್ಲ, ತನ್ನನ್ನೂ ಇಳಿಸಿಕೊಳ್ಳಬೇಕು. ಸರಪಳಿ ಹಿಗ್ಗಲ್ಲ, ಸಡಿಲವಾಗೂ ಇಲ್ಲ. ಹಾಗಾಗಿ ಎಲ್ಲ ಕೊಂಡಿಗಳಿಗೂ ಒಂದೇ ವೇಗೋತ್ಕರ್ಷ. ಬಲ 30 ಸೆಂ.ಮೀ.ನ ತೂಕ, ಚಲಿಸಬೇಕಾದ್ದು ಇಡೀ 120 ಸೆಂ.ಮೀ.

a = gh/L = 9.8 × 0.3/1.2 = 2.45 m/s²

g/4 ಸರಿ. ಆದರೆ ಇಷ್ಟಕ್ಕೇ ನಿಲ್ಲಿಸಬೇಡಿ, ಅಂಚಿನಲ್ಲಿ ಟೆನ್ಷನ್ ಎಷ್ಟು ಅಂತ ಎರಡೂ ಕಡೆಯಿಂದ ಹುಡುಕಿ. ಸರಪಳಿ 600 ಗ್ರಾಂ ಇದೆ ಅನ್ನೋಣ. ಮೇಜಿನ ಮೇಲೆ 0.45 ಕೆ.ಜಿ., ಅದಕ್ಕೆ 2.45 ಕೊಡೋಕೆ ಬೇಕಾದ ಬಲ 0.45 × 2.45, ಸುಮಾರು 1.10 ನ್ಯೂಟನ್. ಕೆಳಗಿನ 0.15 ಕೆ.ಜಿ.ಯ ತೂಕ 1.47 ನ್ಯೂಟನ್. ಅದರಲ್ಲಿ 0.15 × 2.45, ಅಂದ್ರೆ 0.37 ಅದರ ಸ್ವಂತ ಚಲನೆಗೇ ಹೋಗುತ್ತೆ, ಉಳಿಯೋದು ಅದೇ 1.10. ಎರಡೂ ಕಡೆ ತಾಳೆಯಾದ್ರೆ ಮಾತ್ರ ನಿಮ್ಮ ಉತ್ತರ ನಂಬಿ. g/3 ಹಾಕಿದ್ರೆ ಮೇಲಿನಿಂದ 1.47, ಕೆಳಗಿನಿಂದ 0.98 ಬಂದು ಅಲ್ಲೇ ಸಿಕ್ಕಿಬೀಳುತ್ತೆ.

ಕೈಯಲ್ಲಿ ಹಿಡಿದಿರೋವಾಗ ಅಂಚಿನ ಟೆನ್ಷನ್ 1.47. ಬಿಟ್ಟ ಕ್ಷಣ ಅದು 1.10ಕ್ಕೆ ಇಳಿಯುತ್ತೆ. "ಟೆನ್ಷನ್ ಅಂದ್ರೆ ನೇತಾಡೋ ತೂಕ" ಅನ್ನೋ ಮಾತು ಬಿಡೋ ಮುಂಚೆ ಮಾತ್ರ ನಿಜ.

ಗಣಿತ ಎಂ.ಎಸ್ಸಿ. ಓದಿದ ನಿವೃತ್ತರು:
g/3 ಅನ್ನು ಹಾಗೆ ತಳ್ಳಿಹಾಕಬೇಡಿ ಮೇಡಂ. ಮೇಜಿನಂಚಿನಿಂದ ಇಳಿಯುವ ಸರಪಳಿಗೆ g/3 ಎಂದು ಆರ್ಥರ್ ಕೇಲಿ 1857ರಲ್ಲೇ ತೋರಿಸಿದ್ದಾರೆ. ಸಂವೇಗದ ಬದಲಾವಣೆಯಿಂದ ಬರುವ ಬಹಳ ಸೊಗಸಾದ ಫಲಿತಾಂಶ ಅದು.

ಉಪನ್ಯಾಸಕಿ:
ಕೇಲಿ ಅವರದು ಬೇರೆ ಸರಪಳಿ ಸರ್. ಅದು ಅಂಚಿನ ಹತ್ತಿರ ರಾಶಿಯಾಗಿ ಬಿದ್ದಿದೆ, ಒಂದೊಂದೇ ಕೊಂಡಿ ಎಚ್ಚೆತ್ತು ಹೊರಡುತ್ತೆ, ಉಳಿದವು ಸುಮ್ಮನೆ ಕೂತಿರುತ್ತವೆ. ಇಲ್ಲಿ ಚಾಚಿಟ್ಟ ಸರಪಳಿ, ಎಲ್ಲವೂ ಒಟ್ಟಿಗೆ ಹೊರಡಬೇಕು. ಎರಡು ಕಡೆಯೂ g/3 ಬಂದಿದ್ದು 30 ಮತ್ತು 90 ಅನ್ನೋ ಅಂಕಿಗಳಿಂದಾದ ಕಾಕತಾಳೀಯ ಅಷ್ಟೇ. 40 ಸೆಂ.ಮೀ. ಕೊಟ್ಟಿದ್ರೆ ಈ ಹುಡುಗನ ಲೆಕ್ಕ g/2 ಆಗ್ತಿತ್ತು, ಕೇಲಿ ಅವರದು g/3 ಆಗೇ ಇರ್ತಿತ್ತು.

ಇನ್ನೊಂದು ವಿಷಯ. 30 ಸೆಂ.ಮೀ. ನೇತಾಡ್ತಾ, ಉಳಿದದ್ದು ರಾಶಿಯಾಗಿದ್ರೆ, ಬಿಟ್ಟ ಕ್ಷಣದಲ್ಲಿ ವೇಗೋತ್ಕರ್ಷ ಪೂರ್ತಿ g! ಆಗ ವೇಗ ಸೊನ್ನೆ, ರಾಶಿಯಿಂದ ಯಾವ ಕೊಂಡಿಯನ್ನೂ ಇನ್ನೂ ಎತ್ತುತ್ತಿಲ್ಲ, ಹಿಂದಕ್ಕೆ ಎಳೆಯೋ ಬಲವೇ ಇಲ್ಲ. ಆಮೇಲಷ್ಟೇ g/3ರ ಕಡೆಗೆ ಇಳಿಯುತ್ತೆ. ಹಾಗಾಗಿ g ಅಂದ ಹುಡುಗಿ ಮನಸ್ಸಿನಲ್ಲಿ ಮುದ್ದೆಯಾದ ಸರಪಳಿ ಇತ್ತಾ ಅಂತ ಕೇಳಿ ನೋಡಿ.

ನಿವೃತ್ತರು:
ರಾಶಿಯ ವಿಷಯ ಒಪ್ಪಿದೆ. ಆದರೆ ಕೊಂಡಿ ಎಚ್ಚೆತ್ತಾಗ ಶಕ್ತಿ ನಷ್ಟವಾಗುತ್ತದೆ ಎಂದುಕೊಂಡರೆ ತಾನೇ g/3? ನಷ್ಟವೇ ಇಲ್ಲ ಎಂದರೆ ಶಕ್ತಿಯ ಲೆಕ್ಕದಿಂದ g/2 ಬರುತ್ತದೆ. ನಿಜವಾದ ಸರಪಳಿ ಯಾವುದನ್ನು ಪಾಲಿಸುತ್ತದೆ?

ಉಪನ್ಯಾಸಕಿ:
ಕೊಂಡಿಗಳ ಆಕಾರ, ರಾಶಿ ಹಾಕಿರೋ ರೀತಿ ಎರಡೂ ಅದನ್ನ ಬದಲಾಯಿಸುತ್ತೆ ಸರ್. ಒಂದೇ ಉತ್ತರ ಅಂತ ನಾನು ಹೇಳೋಕೆ ಹೋಗಲ್ಲ.

ಪರದೆ, ಬ್ಲೈಂಡ್ಸ್ ಅಂಗಡಿಯವರು:
ನಮ್ಮಲ್ಲಿ ಮಣಿ ಸರಪಳಿ ಬೇಕಾದಷ್ಟು ಇರುತ್ತೆ. ಮಗನಿಗೆ ತೋರಿಸೋಣ ಅಂತ 1.2 ಮೀಟರ್ ಕತ್ತರಿಸಿ ಸನ್‌ಮೈಕಾ ಮೇಜಿನ ಮೇಲೆ ಇಟ್ಟೆ. 20 ಸೆಂ.ಮೀ. ಇಳಿಬಿಡೋವರೆಗೂ ಅದು ಅಲ್ಲಾಡಲೇ ಇಲ್ಲ. 30ಕ್ಕೆ ಜಾರಿತು, ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದ್ರೆ 2.45ರ ಅರ್ಧವೂ ಇಲ್ಲ. ಸೂತ್ರ ತಪ್ಪಾ, ಮೇಜು ತಪ್ಪಾ?

ಮೆಕ್ಯಾನಿಕಲ್ ಎಂಜಿನಿಯರ್:
ಸೂತ್ರ ಸರಿಯಾಗೇ ಇದೆ ಅಣ್ಣಾ, ಘರ್ಷಣೆ ಸೇರಿಸಿ ನೋಡಿ. 20 ಸೆಂ.ಮೀ.ನ ತೂಕ 100 ಸೆಂ.ಮೀ.ನ ಘರ್ಷಣೆಗೆ ಸಮ ಆದಾಗ ಹೊರಟಿದೆ, ಅಂದ್ರೆ ಘರ್ಷಣಾ ಗುಣಾಂಕ μ 0.2. 30 ಸೆಂ.ಮೀ.ಗೆ ಉಳಿಯೋ ಎಳೆತ 30 − 0.2 × 90 = 12 ಸೆಂ.ಮೀ.ನಷ್ಟು ತೂಕ ಮಾತ್ರ. 12/120, ಹತ್ತರಲ್ಲೊಂದು g, ಸುಮಾರು 0.98 m/s². ನೀವು ನೋಡಿದ್ದಕ್ಕೆ ಹೊಂದುತ್ತೆ.

ಆದರೆ ಆ 0.2 ಅಷ್ಟು ನಂಬೋ ಹಾಗಿಲ್ಲ. ಸರಪಳಿ ಅಂಚಿನ ಮೇಲೆ ಬಾಗೋ ಕಡೆಯೂ ಉಜ್ಜುತ್ತೆ, ಬಾವಿ ಹಗ್ಗ ದಿಮ್ಮಿಗೆ ಸುತ್ತಿ ಬಿಗಿಯಾದ ಹಾಗೆ. ಅದನ್ನೂ ಲೆಕ್ಕಕ್ಕೆ ತಗೊಂಡ್ರೆ ಮೇಜಿನ μ 0.16ರ ಆಸುಪಾಸು ಇರುತ್ತೆ. ಅಂಚಿಗೆ ಸಣ್ಣ ರಾಟೆ ಕೂರಿಸಿ ಮತ್ತೆ ನೋಡಿ, 20ಕ್ಕಿಂತ ಮೊದಲೇ ಹೊರಡಬೇಕು.

ವಿದ್ಯಾರ್ಥಿನಿ:
g ಅಂದವಳನ್ನ ಕೇಳಿದೆ, ಅವಳು ನೇತಾಡೋ ತುಂಡನ್ನ ಮಾತ್ರ ನೋಡಿದ್ಲಂತೆ, ರಾಶಿ ಗೀಶಿ ಏನಿಲ್ಲ. ನನಗೆ ಇನ್ನೊಂದು ಅನುಮಾನ. ಗುರುತ್ವ ಎಳೆಯೋದು ಕೆಳಗೆ, ನುಣುಪು ಮೇಜು ತಳ್ಳೋದು ಮೇಲಕ್ಕೆ. ಇಡೀ ಸರಪಳಿಯನ್ನ ಒಂದು ವಸ್ತು ಅಂದುಕೊಂಡ್ರೆ 90 ಸೆಂ.ಮೀ.ನ ಅಡ್ಡ ಚಲನೆಗೆ ಹೊರಗಿನ ಬಲ ಎಲ್ಲಿಂದ ಬಂತು?

ಮೆಕ್ಯಾನಿಕಲ್ ಎಂಜಿನಿಯರ್:
ಅಂಚಿನಿಂದಮ್ಮಾ. ಮೂಲೆಯಲ್ಲಿರೋ ಕೊಂಡಿಯನ್ನ ಮೇಜಿನ ಮೇಲಿನ ಭಾಗ 1.10 ನ್ಯೂಟನ್‌ನಿಂದ ಹಿಂದಕ್ಕೆ ಎಳೆಯುತ್ತೆ, ನೇತಾಡೋ ಭಾಗ ಅಷ್ಟೇ ಬಲದಿಂದ ಕೆಳಕ್ಕೆ. ಆ ಕೊಂಡಿಯ ತೂಕ ಲೆಕ್ಕಕ್ಕಿಲ್ಲ, ಹಾಗಾಗಿ ಅಂಚು ಅದನ್ನ 1.10 ಹೊರಗೆ, 1.10 ಮೇಲಕ್ಕೆ ತಳ್ಳಲೇಬೇಕು. ಆ ಹೊರಗಿನ 1.10 ನ್ಯೂಟನ್ನೇ ನೀನು ಹುಡುಕ್ತಿರೋ ಬಲ. ಮೇಜು ಹಗುರವಾಗಿ, ಅಡಿಯಲ್ಲಿ ಚಕ್ರ ಇದ್ದಿದ್ರೆ ಅದು ಹಿಂದಕ್ಕೆ ಸರಿಯೋದು ಕಾಣ್ತಿತ್ತು.

ಕೈಬಿಟ್ಟ ಕ್ಷಣಕ್ಕೆ ಇದು ಪಕ್ಕಾ, ಯಾಕಂದ್ರೆ ಆಗ ವೇಗ ಸೊನ್ನೆ. ಇಳೀತಾ ವೇಗ ಏರಿದ ಹಾಗೆ ಮೂಲೆ ತಿರುಗೋ ಕೊಂಡಿಗಳಿಗೇ ಟೆನ್ಷನ್‌ನ ಒಂದು ಪಾಲು ಬೇಕಾಗುತ್ತೆ, ಅಂಚಿನ ತಳ್ಳಾಟ ಕಡಿಮೆಯಾಗುತ್ತೆ. ನಿನ್ನ ಸರಪಳಿಯಲ್ಲಿ ಸುಮಾರು 67 ಸೆಂ.ಮೀ. ನೇತಾಡ್ತಿರುವಾಗ ಅದು ಸೊನ್ನೆಗೆ ಬರುತ್ತೆ. ಅಲ್ಲಿಂದಾಚೆ ಸರಪಳಿ ಅಂಚು ಬಿಟ್ಟು ಮುಂದಕ್ಕೆ ಚಿಮ್ಮುತ್ತೆ, gh/L ಅಲ್ಲಿ ನಡೆಯಲ್ಲ. ಅಂಗಡಿ ಅಣ್ಣನ ಸರಪಳಿಗೆ ಘರ್ಷಣೆ ಇರೋದರಿಂದ ಅದು ಇನ್ನೂ ತಡವಾಗಿ ಬಿಡಬೇಕು. ಆ ವಿಡಿಯೊ ಇದ್ರೆ ಕೊನೆಯ ಭಾಗ ನಿಧಾನವಾಗಿ ಓಡಿಸಿ ನೋಡಿ ಅಣ್ಣಾ, ಬಾಗಿದ ಕಡೆ ಮೇಜಿಗೂ ಸರಪಳಿಗೂ ನಡುವೆ ಸಂದು ಕಾಣುತ್ತಾ ಅಂತ.