ಪದಚರ್ಚೆ: ತಲೆಗೆ ಸ್ಪ್ರಿಂಗ್ ಇರುವ ಕಂಬವನ್ನು ‘ತಡೆಹಿಡಿದ ಕಂಬ’ ಎನ್ನಬಹುದೇ?

ವ. ಲ. ಬರೆದದ್ದು:

ಮಾನ್ಯರೇ,

ರಚನಾ ವಿಶ್ಲೇಷಣೆಯ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕಾಗಿದೆ. ನನ್ನನ್ನು ಕಾಡುತ್ತಿರುವ ವಾಕ್ಯ ಇದು: “ಬುಡದಲ್ಲಿ ಬಿಗಿಯಾಗಿ ನೆಟ್ಟ, ತಲೆಯಲ್ಲಿ ಸ್ಪ್ರಿಂಗಿನಿಂದ ತಡೆಹಿಡಿಯಲ್ಪಟ್ಟ ಕಂಬದ ಬಾಗಿದ ಆಕೃತಿಯ ಸಮೀಕರಣದಿಂದ ಅದರ ಬಾಗುಭಾರವನ್ನು ಕಂಡುಹಿಡಿಯಿರಿ.”

ಕರಡನ್ನು ಓದಿದ ವಿದ್ಯಾರ್ಥಿಯೊಬ್ಬರು ‘ತಡೆಹಿಡಿಯಲ್ಪಟ್ಟ’ ಎಂಬುದನ್ನು ‘ಅಲುಗಾಡದ’ ಎಂದೇ ಅರ್ಥಮಾಡಿಕೊಂಡು, ತಲೆಯ ಸರಿತವನ್ನು ಸೊನ್ನೆ ಎಂದಿಟ್ಟು, 20.19 EI/L² ಎಂಬ ಉತ್ತರವನ್ನು ತಂದರು. ‘ಬಾಗು’ ಎಂಬ ಪದ ಒಂದೇ ವಾಕ್ಯದಲ್ಲಿ ಬೆಂಡಿಂಗ್, ಬಕ್ಲಿಂಗ್ ಎಂಬ ಎರಡು ಬೇರೆ ಸಂಗತಿಗಳಿಗೆ ಬಂದಿರುವುದೂ ನನಗೆ ಸರಿಕಾಣುತ್ತಿಲ್ಲ. ಒಂದು ಮಾತಿನಲ್ಲಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಗೋ. ಭ. ಬರೆದದ್ದು:

ಮೊದಲು ‘ಅಲ್ಪಟ್ಟ’ವನ್ನು ಕಿತ್ತುಹಾಕಿ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನವಲ್ಲ ಎಂದು ಈ ಬಳಗದಲ್ಲಿ ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು. ‘ಸ್ಪ್ರಿಂಗ್’ ಏಕೆ? ‘ಸುರುಳಿ’ ಇದೆಯಲ್ಲ. ಬಕ್ಲಿಂಗಿಗೆ ‘ಬಳುಕು’ ಎನ್ನಿ. ಬಳ್ಳಿ ಬಳುಕುತ್ತದೆ, ನಡು ಬಳುಕುತ್ತದೆ. ಸಪೂರವಾಗಿ ಉದ್ದವಾಗಿರುವುದು ಮಾತ್ರ ಬಳುಕುತ್ತದೆ, ಮೋಟುಗಂಬ ಬಳುಕುವುದಿಲ್ಲ. ಈ ಭೇದವನ್ನು ‘ಬಾಗು’ ಹೇಳಲಾರದು.

ಶಿ. ಮ. ಬರೆದದ್ದು:

ಗೋ. ಭ. ಅವರ ‘ಬಳುಕು’ ನನಗೆ ಒಪ್ಪಿಗೆ, ‘ಸುರುಳಿ’ ಒಪ್ಪಿಗೆಯಿಲ್ಲ. ಕಾರಣ ವ್ಯಾಕರಣದ್ದಲ್ಲ, ಲೆಕ್ಕದ್ದು.

ವಿದ್ಯಾರ್ಥಿ ಎಡವಿದ ಜಾಗವನ್ನೇ ನೋಡೋಣ. ಕಂಬದ ಉದ್ದ L, ಬಾಗುಬಿಗಿತ EI, ಸ್ಪ್ರಿಂಗಿನ ಬಿಗಿತ k, ತಲೆಯ ಮೇಲಿನ ಭಾರ P ಎಂದಿರಲಿ. ತಲೆ δ ದೂರ ಪಕ್ಕಕ್ಕೆ ಸರಿಯಿತು ಎಂದುಕೊಂಡರೆ ಸ್ಪ್ರಿಂಗ್ ಅದನ್ನು kδ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಬುಡದಿಂದ x ಎತ್ತರದಲ್ಲಿ ಕಂಬವನ್ನು ಕತ್ತರಿಸಿ ಮೇಲಿನ ತುಂಡಿನ ಸಮತೋಲ ಬರೆದರೆ, ಭಾರವು ಕಂಬವನ್ನು ಇನ್ನಷ್ಟು ಓಲಿಸುವ ಪದವೂ ಸ್ಪ್ರಿಂಗ್ ಅದನ್ನು ನೆಟ್ಟಗಾಗಿಸುವ ಪದವೂ ಎದುರುಬದುರಾಗಿ ನಿಲ್ಲುತ್ತವೆ:

```
EI y'' = P(δ − y) − kδ(L − x)
```

α² = P/EI ಎಂದಿಟ್ಟರೆ ಬಾಗಿದ ಆಕೃತಿ ಹೀಗೆ ಬರುತ್ತದೆ:

```
y = A cos αx + B sin αx + δ − (kδ/P)(L − x)
```

ಬುಡದಲ್ಲಿ ಸರಿತವೂ ಇಲ್ಲ, ಓರೆಯೂ ಇಲ್ಲ; ಇವೆರಡರಿಂದ A = δ(kL/P − 1), B = −kδ/(Pα) ಎಂದಾಗುತ್ತದೆ. ಉಳಿದ ಒಂದೇ ಷರತ್ತು, ತಲೆಯಲ್ಲಿ y = δ. ಅದನ್ನು ಹಾಕಿದೊಡನೆ δ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ. u = αL, β = kL³/EI ಎಂದು ಬರೆದುಕೊಂಡರೆ ಉಳಿಯುವುದು:

```
tan u = u − u³/β
```

ಎಷ್ಟು ಬಾಗಿತು ಎಂಬುದನ್ನು ಈ ಸಮೀಕರಣ ಹೇಳುವುದೇ ಇಲ್ಲ. ಬಾಗಿದ ಆಕೃತಿಯು, ಅದರ ಅಳತೆ ಯಾವುದೇ ಇರಲಿ, ತನ್ನ ಪಾಡಿಗೆ ನಿಲ್ಲಬಲ್ಲ ಭಾರ ಯಾವುದು ಎಂಬುದನ್ನಷ್ಟೇ ಹೇಳುತ್ತದೆ. ಆದ್ದರಿಂದ ‘ಬಾಗುಭಾರ’ ಎಂದರೆ ಅಡ್ಡಲಾಗಿ ಹೊರಿಸಿ ತೊಲೆಯನ್ನು ಬಗ್ಗಿಸುವ ಭಾರ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಆಕೃತಿಗೆ ‘ಬಾಗು’, ಭಾರಕ್ಕೆ ‘ಬಳುಕು’ ಎಂದು ಹಂಚಿಬಿಟ್ಟರೆ ವಾಕ್ಯ ತಿಳಿಯಾಗುತ್ತದೆ.

‘ತಡೆಹಿಡಿ’ಯ ತೊಂದರೆಯೂ ಇಲ್ಲಿಯೇ ಕಾಣುತ್ತದೆ. ತಲೆ ಸರಿಯದಿದ್ದರೆ δ ಇಲ್ಲ, δ ಇಲ್ಲದಿದ್ದರೆ ಸ್ಪ್ರಿಂಗಿಗೆ ಕೆಲಸವಿಲ್ಲ. k ಅನಂತವಾದಾಗ ಮಾತ್ರ ಸಮೀಕರಣ tan u = u ಆಗಿ, u = 4.493 ಎಂದು, ಆ 20.19 ಬರುತ್ತದೆ. k ಸೊನ್ನೆಯಾದರೆ u = π/2, ಅಂದರೆ ಭಾರ 2.467 EI/L². ನಮ್ಮ ಕಂಬ ಇವೆರಡರ ನಡುವೆ ಎಲ್ಲಿಯಾದರೂ ಇರಬಹುದು.

ರಾ. ಕು. ಬರೆದದ್ದು:

ನಾನು ವಿನ್ಯಾಸದ ಕೆಲಸದಲ್ಲಿರುವವನು. ಇಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಸ್ಪ್ರಿಂಗಿನ ಬಿಗಿತ π²EI/L³ ದಾಟಿದರೆ ಅದು ಗಟ್ಟಿ ಆಧಾರಕ್ಕೆ ಸಮ. ಭಾರ π²EI/L² ಎಂದು ತೆಗೆದುಕೊಳ್ಳುತ್ತೇವೆ, ಆಮೇಲೆ ಬಿಗಿತ ಎಷ್ಟು ಹೆಚ್ಚಿಸಿದರೂ ಲಾಭವಿಲ್ಲ. ಆದ್ದರಿಂದ ‘ತಡೆಹಿಡಿದ’ ಎಂಬ ಪದ ಸಾಕು. ‘ಬಳುಕುಭಾರ’ ಎಂದರೆ ಕೆಲಸದ ಸ್ಥಳದಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಬಕ್ಲಿಂಗ್ ಲೋಡ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಗೋ. ಭ. ಬರೆದದ್ದು:

ಕೆಲಸದ ಸ್ಥಳದ ಮಾತೇ ಪ್ರಮಾಣವಾದರೆ ಅನುವಾದವೇ ಬೇಡ, ಮೂಲವನ್ನೇ ಅಚ್ಚು ಹಾಕಿಸಿ.

ಶಿ. ಮ. ಬರೆದದ್ದು:

ರಾ. ಕು. ಅವರು ಹೇಳಿದ ಗಡಿ ನಿಜ. ಆದರೆ ಅದು ಬುಡದಲ್ಲಿ ಕೀಲು ಇರುವ ಕಂಬದ್ದು. ಅಲ್ಲಿ ಕಂಬ ನೆಟ್ಟಗಿದ್ದುಕೊಂಡೇ ಓಲಲು kL ಭಾರ ಸಾಕು, ಬಾಗಲು π²EI/L² ಬೇಕು. ಎರಡರಲ್ಲಿ ಕಡಿಮೆಯದೇ ಉತ್ತರ. ಹಾಗಾಗಿ k ಒಂದು ಮಟ್ಟ ದಾಟಿದ ಮೇಲೆ ಏರಿಕೆ ನಿಂತುಬಿಡುತ್ತದೆ. ಬುಡ ಬಿಗಿದಿರುವಾಗ ಅಂತಹ ಮಟ್ಟವಿಲ್ಲ. ಅದೇ k = π²EI/L³ ಅನ್ನು ಹಾಕಿದರೆ β = π² ಆಗಿ, u = π ಸಮೀಕರಣಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ, ಭಾರ π²EI/L² ಎಂದೇ ಬರುತ್ತದೆ. ಗೊಂದಲ ಹುಟ್ಟುವುದು ಈ ಹೊಂದಿಕೆಯಿಂದ. k ಇನ್ನೂ ಹೆಚ್ಚಿದರೆ ಭಾರವೂ 20.19 EI/L² ಕಡೆಗೆ ನಿಧಾನವಾಗಿ ಏರುತ್ತಲೇ ಇರುತ್ತದೆ. ವ. ಲ. ಅವರ ವಾಕ್ಯದಲ್ಲಿ ‘ಬುಡದಲ್ಲಿ ಬಿಗಿಯಾಗಿ ನೆಟ್ಟ’ ಎಂಬ ಮಾತನ್ನು ಯಾವ ಕಾರಣಕ್ಕೂ ಬಿಡಬಾರದು.

ಇನ್ನು ‘ಸುರುಳಿ’. ಪಾಠದ ಚಿತ್ರದಲ್ಲಿ ಸುರುಳಿ ಬರೆದಿದ್ದರೂ ನಿಜವಾದ ರಚನೆಯಲ್ಲಿ ಅಲ್ಲಿ ಸುರುಳಿ ಇರುವುದೇ ಅಪರೂಪ. ಅದು ಬೇರೊಂದು ಸದಸ್ಯದ ಬಿಗಿತಕ್ಕೆ ನಿಂತ ಗುರುತು. ಒಂದು ಉದಾಹರಣೆ ತೆಗೆದುಕೊಳ್ಳಿ. 4 ಮೀಟರ್ ಉದ್ದದ ಉಕ್ಕಿನ ಕಂಬ, E = 200 GPa, I = 800 cm⁴; ಆಗ EI = 1600 kN·m², EI/L² = 100 kN. ಒಂಟಿಯಾಗಿ, ತಲೆ ಬಿಡುವಾಗಿ ನಿಂತಿದ್ದರೆ ಅದು 247 kN ಭಾರಕ್ಕೆ ಬಳುಕುತ್ತದೆ. ಪಕ್ಕದಲ್ಲಿ ಇಂತಹುದೇ, ಬುಡ ಬಿಗಿದ, ಆದರೆ ಯಾವ ಭಾರವನ್ನೂ ಹೊರದ ಇನ್ನೊಂದು ಕಂಬವನ್ನು ನಿಲ್ಲಿಸಿ, ಎರಡರ ತಲೆಗಳನ್ನು ಎರಡೂ ತುದಿಗಳಲ್ಲಿ ಕೀಲಿರುವ ಸರಳಿನಿಂದ ಜೋಡಿಸಿ. ನೆರೆಯ ಕಂಬದ ತಲೆಯನ್ನು ಪಕ್ಕಕ್ಕೆ ತಳ್ಳಿದಾಗ ಅದು ತೋರುವ ಬಿಗಿತ 3EI/L³, ಅಂದರೆ 75 kN/m. ಅದೇ ನಮ್ಮ k; β = 3.

tan u = u − u³/3 ಸಮೀಕರಣದಲ್ಲಿ u = 2.2 ಹಾಕಿದರೆ ಎಡಭಾಗ −1.374, ಬಲಭಾಗ −1.349. ಸ್ವಲ್ಪ ಮುಂದಕ್ಕೆ, 2.2036ರಲ್ಲಿ, ಎರಡೂ −1.363 ಆಗಿ ಕೂಡುತ್ತವೆ. ಭಾರ 4.856 × 100, ಅಂದರೆ ಸುಮಾರು 486 kN. ಎರಡು ಒಂಟಿ ಕಂಬಗಳ ಒಟ್ಟು ಶಕ್ತಿ 493 kN ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ನಂಬುವಂತಿದೆ: ಸುಮ್ಮನಿದ್ದ ನೆರೆಯ ಕಂಬ ತನ್ನ ಪಾಲನ್ನೆಲ್ಲ ಹೆಚ್ಚುಕಡಿಮೆ ಧಾರೆ ಎರೆದಿದೆ. ಆದರೆ ಆ ನೆರೆಯ ಕಂಬದ ತಲೆಯ ಮೇಲೂ ಅಷ್ಟೇ ಭಾರ ಕೂತರೆ ಅದರ ಅಡ್ಡಬಿಗಿತ ಇಳಿಯುತ್ತಾ ಹೋಗಿ, 247 kN ತಲುಪಿದಾಗ ಸೊನ್ನೆಯಾಗುತ್ತದೆ. ಆಗ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಇಂತಹ ಸದಸ್ಯವನ್ನು ‘ಸುರುಳಿ’ ಎಂದು ಕರೆದರೆ ಓದುಗ ಅಂಗಡಿಯಲ್ಲಿ ಸಿಗುವ ವಸ್ತುವನ್ನು ನೆನೆಯುತ್ತಾನೆ. ‘ಸ್ಪ್ರಿಂಗ್’ ಎಂಬುದಾದರೆ ವಸ್ತುವಿಗೂ ಗುಣಕ್ಕೂ ಈಗಾಗಲೇ ಬಳಕೆಯಲ್ಲಿದೆ.

ಗೋ. ಭ. ಬರೆದದ್ದು:

ಅರ್ಥ ವಿಸ್ತರಿಸಿಕೊಳ್ಳುವ ಶಕ್ತಿ ಇಂಗ್ಲಿಷಿಗೆ ಮಾತ್ರ ಇದೆಯೇ? ಎಲ್ಲ ತಾಂತ್ರಿಕ ಪದಗಳೂ ಮೊದಲು ವಸ್ತುವಿನ ಹೆಸರಾಗಿದ್ದವು. ಎರವಲು ತರುವವರಿಗೆ ಸದಾ ಒಂದು ನೆಪ ಸಿಗುತ್ತದೆ.

ಶಾ. ದೇ. ಬರೆದದ್ದು:

ನೀವು ಧಾರಾಳವಾಗಿ ಬಳಸುವ ‘ಕಂಬ’ವೂ ಸಂಸ್ಕೃತದ ‘ಸ್ಕಂಭ’ದಿಂದ ಬಂದ ತದ್ಭವವೇ, ಸ್ವಾಮಿ. ಅದಿರಲಿ. ನನ್ನ ಅನುಭವ ಬೇರೆ. ನಾನು ಅನುವಾದಿಸಿದ ಪಾಠದಲ್ಲಿ ಸ್ಪ್ರಿಂಗ್ ಕಂಬದ ತಲೆಯನ್ನು ತಿರುಗದಂತೆ ಹಿಡಿದಿತ್ತು. ಅಲ್ಲಿ ‘ತಿರುಚು ಸ್ಪ್ರಿಂಗ್’ ಎಂದು ಬರೆದೆ, ಯಾರೂ ಆಕ್ಷೇಪಿಸಲಿಲ್ಲ. ಇಲ್ಲಿಯೂ ಅದನ್ನೇ ಬಳಸಬಹುದಲ್ಲವೇ?

ಗೋ. ಭ. ಬರೆದದ್ದು:

‘ಕಂಬ’ ಸಾವಿರ ವರ್ಷ ಈ ನುಡಿಯಲ್ಲಿ ಬಾಳಿದೆ. ಹೋಲಿಕೆ ಸಲ್ಲದು.

ಶಿ. ಮ. ಬರೆದದ್ದು:

ಶಾ. ದೇ. ಅವರೇ, ಅದು ಬೇರೆಯೇ ಲೆಕ್ಕ. ನಿಮ್ಮ ಸ್ಪ್ರಿಂಗ್ ಓರೆಯನ್ನು ವಿರೋಧಿಸುತ್ತದೆ, ತಲೆ ಪಕ್ಕಕ್ಕೆ ಸರಿಯಲು ಬಿಡುತ್ತದೆ; ಬಿಗಿತ ಎಷ್ಟೇ ಹೆಚ್ಚಿದರೂ u ಎಂಬುದು π/2ರಿಂದ πವರೆಗೆ ಮಾತ್ರ ಹೋಗಬಲ್ಲದು. ಸಮೀಕರಣವೂ tan u = −uEI/(cL) ಎಂದು ಬೇರೆಯಾಗುತ್ತದೆ, ಇಲ್ಲಿ c ತಿರುಗು ಬಿಗಿತ. ಜೊತೆಗೆ ‘ತಿರುಚು’ ಎಂದರೆ ಕಂಬ ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುವುದು ಎಂದಾಗುತ್ತದೆ, ‘ತಿರುಗು’ ಸಾಕು. ವ. ಲ. ಅವರ ವಾಕ್ಯದಲ್ಲಿ ‘ಪಕ್ಕಕ್ಕೆ’ ಎಂಬ ಒಂದು ಪದ ಸೇರಿದರೆ ಈ ಅನುಮಾನಕ್ಕೆ ಎಡೆಯಿರುವುದಿಲ್ಲ.

ಪಾಠದಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸಬಹುದು. ವಿದ್ಯಾರ್ಥಿಗಳು ಈ ಸಮೀಕರಣವನ್ನು ಕಂಪ್ಯೂಟರಿಗೆ ಕೊಟ್ಟು, ಚಿಹ್ನೆ ಬದಲಾದ ಜಾಗವನ್ನೇ ಉತ್ತರವೆಂದು ತೆಗೆದುಕೊಂಡರೆ, ಯಾವ k ಕೊಟ್ಟರೂ u = π/2 ಎಂದೇ ಬರಬಹುದು. ಅದು ಮೂಲವಲ್ಲ, tan ಹರಿದುಹೋಗುವ ಜಾಗ. sin u − (u − u³/β) cos u = 0 ಎಂದು ಬರೆದುಕೊಂಡರೆ ಆ ಸುಳ್ಳು ಉತ್ತರ ಮಾಯವಾಗುತ್ತದೆ. u = 0 ಮಾತ್ರ ಉಳಿಯುತ್ತದೆ; ಅದು ಭಾರವೇ ಇಲ್ಲದ ಕಂಬ, ಬಿಟ್ಟುಬಿಡಬೇಕು.

ರಾ. ಕು. ಬರೆದದ್ದು:

‘ಬಳುಕು’ ಎಂದರೆ ಬಿಟ್ಟೊಡನೆ ನೆಟ್ಟಗಾಗುವುದು. ಬಕ್ಲ್ ಆದ ಕಂಬ ನೆಟ್ಟಗಾಗಿದ್ದನ್ನು ನಾನು ನೋಡಿಲ್ಲ.

ಶಿ. ಮ. ಬರೆದದ್ದು:

ನೀವು ನೋಡಿದವು ಉಕ್ಕು ಇಳುವರಿ ದಾಟಿದ ಮೇಲಿನವು. ಆಯ್ಲರ್ 1744ರಲ್ಲಿ ಲೆಕ್ಕ ಹಾಕಿದ್ದು ಭಾರ ತೆಗೆದರೆ ಮರಳಿ ನೆಟ್ಟಗಾಗುವ ಕಂಬವನ್ನು, ಈ ಪಾಠವೂ ಅದೇ ಮಿತಿಯಲ್ಲಿದೆ. ಇಳುವರಿಯ ನಂತರದ ಕುಸಿತಕ್ಕೂ ‘ಬಳುಕು’ ಸಲ್ಲುತ್ತದೆಯೇ ಎಂಬ ನಿಮ್ಮ ಅನುಮಾನ ಮಾತ್ರ ನ್ಯಾಯವಾದದ್ದು.

ವ. ಲ. ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಅಚ್ಚಿಗೆ ಹೀಗೆ ಕಳುಹಿಸುತ್ತಿದ್ದೇನೆ: “ಬುಡದಲ್ಲಿ ಬಿಗಿಯಾಗಿ ನೆಟ್ಟ ಕಂಬವೊಂದರ ತಲೆ ಪಕ್ಕಕ್ಕೆ ಸರಿದಾಗ ಅದನ್ನು k ಬಿಗಿತದ ಸ್ಪ್ರಿಂಗ್ ಹಿಂದಕ್ಕೆಳೆಯುತ್ತದೆ. ಬಾಗಿದ ಆಕೃತಿಯ ಸಮೀಕರಣವನ್ನು ಬರೆದು ಕಂಬದ ಬಳುಕುಭಾರವನ್ನು ಕಂಡುಹಿಡಿಯಿರಿ.” ಮುಂದಿನ ಪಾಠ ಇಳುವರಿ ದಾಟಿದ ಕಂಬಗಳದ್ದು. ಅಲ್ಲಿ ಯಾವ ಪದ ಬಳಸಬೇಕೆಂಬುದನ್ನು ಇನ್ನೂ ತೀರ್ಮಾನಿಸಿಲ್ಲ.

ಗೋ. ಭ. ಬರೆದದ್ದು:

ವಾಕ್ಯ ಕನ್ನಡದ್ದಾಗಿದೆ, ‘ಸ್ಪ್ರಿಂಗ್’ ಒಂದನ್ನು ಬಿಟ್ಟು.