ಕಾನೂನು ಕೊಡದ ಹಕ್ಕು ಎಲ್ಲಿಂದ ಬರುತ್ತದೆ?

ಪ್ರಶ್ನೆ (ಕಾನೂನು ವಿದ್ಯಾರ್ಥಿ): ಮೇಡಂ, ಮಾನವ ಹಕ್ಕುಗಳು ಯಾವ ಕಾನೂನಿಗೂ ಮೊದಲೇ ಇರುತ್ತವೆ ಅಂತ ಕ್ಲಾಸಿನಲ್ಲಿ ಹೇಳಿದರು. ನನಗೆ ತಲೆಗೆ ಹತ್ತಲಿಲ್ಲ. ಕಾನೂನೇ ಇಲ್ಲ ಅಂದಮೇಲೆ ಹಕ್ಕು ಎಲ್ಲಿಂದ ಬಂತು? ನಮ್ಮ ಆಸೆಗೆ ಸುಮ್ನೆ ಹಕ್ಕು ಅಂತ ಹೆಸರಿಟ್ಟ ಹಾಗಲ್ವಾ?

ಉತ್ತರ (ಕಾನೂನು ತತ್ತ್ವಶಾಸ್ತ್ರ ಕಲಿಸುವವರು): ಒಂದು ಮೊಕದ್ದಮೆ ಹೇಳುತ್ತೇನೆ. ನಿಮ್ಮ ಅನುಮಾನ ಎಷ್ಟು ದೂರ ನಿಲ್ಲುತ್ತದೆ ಅಂತ ಅಲ್ಲೇ ನೋಡಬಹುದು.

1984ರ ಡಿಸೆಂಬರ್ 1, ಬೆಳಗಿನ ಜಾವ. ಪೂರ್ವ ಬರ್ಲಿನ್‌ನಲ್ಲಿ 20 ವರ್ಷದ ಹುಡುಗನೊಬ್ಬ, ನಗರವನ್ನು ಎರಡಾಗಿ ಸೀಳಿದ್ದ ಗೋಡೆಗೆ ಏಣಿ ಹಚ್ಚಿ ಪಶ್ಚಿಮಕ್ಕೆ ದಾಟಲು ಹತ್ತಿದ. ಇಬ್ಬರು ಗಡಿ ಕಾವಲುಗಾರರು ಗುಂಡು ಹಾರಿಸಿದರು. ಅವರೂ ಹೆಚ್ಚುಕಡಿಮೆ ಅವನದೇ ವಯಸ್ಸಿನವರು. ಗುಂಡು ತಗುಲಿ ಬಿದ್ದವನನ್ನು ಆಸ್ಪತ್ರೆಗೆ ಮುಟ್ಟಿಸುವ ಹೊತ್ತಿಗೆ ಎರಡು ಗಂಟೆಗೂ ಜಾಸ್ತಿ ಕಳೆದಿತ್ತು. ಬೇಗ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದ. ಸಿಗಲಿಲ್ಲ, ಸತ್ತುಹೋದ. ಕಾವಲುಗಾರರಿಗೆ ಶಿಕ್ಷೆ ಆಗಲಿಲ್ಲ. ಬದಲಿಗೆ ಶಾಭಾಸ್‌ಗಿರಿ ಸಿಕ್ಕಿತು.

ಪೂರ್ವ ಜರ್ಮನಿಯ ಲೆಕ್ಕದಲ್ಲಿ ಅವರು ತಪ್ಪು ಮಾಡಿರಲಿಲ್ಲ. 1982ರ ಗಡಿ ಕಾಯ್ದೆಯ 27ನೇ ಕಲಮು ಕೆಲವು ಅಪರಾಧ ತಡೆಯಲು ಗುಂಡು ಹಾರಿಸಬಹುದು ಎನ್ನುತ್ತಿತ್ತು. ಏಣಿ ತಂದು ಗಡಿ ದಾಟುವುದನ್ನೂ ಅಲ್ಲಿನ ಅಧಿಕಾರಿಗಳು ಅದೇ ಪಟ್ಟಿಗೆ ಸೇರಿಸಿದ್ದರು.

ಈಗ ಹೇಳಿ: ಏಣಿಯ ಮೇಲೆ ನಿಂತಿದ್ದ ಆ ಕ್ಷಣದಲ್ಲಿ, ಗುಂಡು ತಿನ್ನದೆ ಇರುವ ಹಕ್ಕು ಆ ಹುಡುಗನಿಗೆ ಇತ್ತೋ ಇಲ್ಲವೋ? ಹಕ್ಕು ಅಂದರೆ ಕಾನೂನು ಕೊಟ್ಟದ್ದು ಮಾತ್ರ ಅಂತಾದರೆ, ಅವನಿಗೆ ಇರಲಿಲ್ಲ ಎಂದೇ ಹೇಳಬೇಕಾಗುತ್ತದೆ. ಆಗ ನಡೆದದ್ದು ದುಃಖದ ಸಂಗತಿ ಅಷ್ಟೇ, ಯಾರೂ ಅವನಿಗೆ ಅನ್ಯಾಯ ಮಾಡಲಿಲ್ಲ. ಹಕ್ಕು ಕಾನೂನಿಗೂ ಮೊದಲು ಎನ್ನುವವರು ಇಲ್ಲೇ ಕಾಲೂರಿ ನಿಲ್ಲುತ್ತಾರೆ. ಅವನಿಗೆ ಹಕ್ಕು ಇತ್ತು, ಆ ಕಾನೂನೇ ಅದನ್ನು ತುಳಿಯಿತು ಎನ್ನುವುದು ಅವರ ಮಾತು. ಹಾಗಂತ ಗಾಳಿಯಲ್ಲಿ ಇನ್ನೊಂದು ಕಾಣದ ಕಾನೂನು ಪುಸ್ತಕ ಇದೆ ಅಂತ ಅವರು ಹೇಳುತ್ತಿಲ್ಲ. ಮನುಷ್ಯನಾಗಿ ಅವನು ಉಳಿದವರ ಮುಂದೆ ಇಡಬಹುದಾದ ಒಂದು ನ್ಯಾಯವಾದ ಬೇಡಿಕೆ ಇತ್ತು, ಅದನ್ನು ಯಾವ ಸರ್ಕಾರವೂ ಸಹಿ ಹಾಕಿ ಅಳಿಸಲಾಗದು ಎನ್ನುತ್ತಾರೆ.

ವಕೀಲರೊಬ್ಬರು: ಮೇಡಂ, ಆ ಕೇಸು ನಾನೂ ಓದಿದ್ದೇನೆ. ಜರ್ಮನಿ ಒಂದಾದ ಮೇಲೆ ಇಬ್ಬರೂ ತಪ್ಪಿತಸ್ಥರು ಅಂತ ತೀರ್ಪಾಯಿತು. ಆದರೆ ಅದು ಅಂತರರಾಷ್ಟ್ರೀಯ ಒಪ್ಪಂದದ ಬಲದಿಂದ. 1948ರ ಮಾನವ ಹಕ್ಕುಗಳ ಘೋಷಣೆಗೂ ಎಲ್ಲ ದೇಶಗಳು ಸಹಿ ಹಾಕಿವೆ, ಅದೂ ಕಾನೂನೇ. ಹಾಗಾಗಿ "ಕಾನೂನಿಗೂ ಮೊದಲು" ಎನ್ನುವ ತತ್ತ್ವದ ಗೊಡವೆ ನಮಗೆ ಬೇಕಾಗಿಯೇ ಇಲ್ಲ.

ಉತ್ತರ: ಅರ್ಧ ಒಪ್ಪುತ್ತೇನೆ ಸರ್. 1992ರ ನವೆಂಬರ್‌ನಲ್ಲಿ ಜರ್ಮನಿಯ ಮೇಲಿನ ಕೋರ್ಟು ಎರಡು ಊರುಗೋಲು ಹಿಡಿಯಿತು. ಒಂದು ನೀವು ಹೇಳಿದ್ದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದವನ್ನು ಪೂರ್ವ ಜರ್ಮನಿಯೇ 1970ರ ದಶಕದಲ್ಲಿ ಒಪ್ಪಿಕೊಂಡಿತ್ತು. ಇನ್ನೊಂದು ಗುಸ್ಟಾವ್ ರಾಡ್‌ಬ್ರುಖ್ ಎಂಬ ಕಾನೂನು ಪಂಡಿತರು ನಾಜಿ ಆಡಳಿತ ಮುಗಿದ ಮೇಲೆ, 1946ರಲ್ಲಿ ಬರೆದ ಮಾತು. ಬರೆದಿಟ್ಟ ಕಾನೂನು ಅನ್ಯಾಯದ್ದಾದರೂ ಸಾಮಾನ್ಯವಾಗಿ ಅದೇ ನಡೆಯಬೇಕು. ಆದರೆ ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದರೆ ಕಾನೂನು ನ್ಯಾಯಕ್ಕೆ ದಾರಿ ಬಿಡಬೇಕು ಎಂದು ಅದರ ತಾತ್ಪರ್ಯ.

ಉಳಿದರ್ಧ ಒಪ್ಪುವುದಿಲ್ಲ. 1948ರ ಘೋಷಣೆಗೆ ದೇಶಗಳು ಸಹಿ ಹಾಕಿದ್ದಲ್ಲ. ಅದು ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯ. 48 ದೇಶಗಳು ಪರವಾಗಿ ಮತ ಹಾಕಿದವು, 8 ದೂರ ಉಳಿದವು, ವಿರೋಧವಾಗಿ ಯಾರೂ ಹಾಕಲಿಲ್ಲ. ಆವತ್ತಿಗೆ ಅದು ಯಾರನ್ನೂ ಕಟ್ಟಿಹಾಕುವ ಕಾನೂನು ಆಗಿರಲಿಲ್ಲ. ಹಾಗಿದ್ದರೆ ಅವರು ಘೋಷಿಸಿದ್ದಾದರೂ ಏನನ್ನು? ಹೊಸದಾಗಿ ಏನನ್ನೋ ಹಂಚುತ್ತಿದ್ದೇವೆ ಎಂದು ಅದರ ಮುನ್ನುಡಿ ಹೇಳುವುದಿಲ್ಲ, ಇರುವುದನ್ನು ಗುರುತಿಸುತ್ತಿದ್ದೇವೆ ಎನ್ನುವ ಧಾಟಿಯಲ್ಲಿದೆ.

ಇನ್ನೊಂದು. ಪೂರ್ವ ಜರ್ಮನಿ ಆ ಒಪ್ಪಂದವನ್ನು ತನ್ನ ಒಳಗಿನ ಕಾನೂನಾಗಿ ಮಾಡಿಕೊಂಡೇ ಇರಲಿಲ್ಲ. ಅದೂ ಹೋಗಲಿ, ಅದನ್ನು ಒಪ್ಪಿಕೊಳ್ಳದೆಯೇ ಇದ್ದಿದ್ದರೆ? ಗುಂಡು ಹೊಡೆದದ್ದು ಸರಿ ಆಗಿಬಿಡುತ್ತಿತ್ತಾ? ನಿಮ್ಮ ವಾದ ಹಿಡಿದರೆ ಹೌದು ಅನ್ನಬೇಕಾಗುತ್ತದೆ.

ವಿದ್ಯಾರ್ಥಿ: ಆದರೆ ಮೇಡಂ, ಇಂಗ್ಲೆಂಡಿನ ಚಿಂತಕ ಬೆಂಥಮ್ ಇದನ್ನೇ ಅಲ್ವಾ ಗೇಲಿ ಮಾಡಿದ್ದು? ಹಸಿವು ಇದೆ ಅಂದ ಮಾತ್ರಕ್ಕೆ ರೊಟ್ಟಿ ಬಂದ ಹಾಗಾಗಲಿಲ್ಲ ಅಂತ. ಹುಡುಗನಿಗೆ ಹಕ್ಕು ಇರಬೇಕಿತ್ತು, ಸರಿ. ಇತ್ತು ಅನ್ನೋದು ಹೇಗೆ?

ಉತ್ತರ: ಬೆಂಥಮ್ ಅದನ್ನು ಬರೆದದ್ದು ಫ್ರಾನ್ಸಿನ 1789ರ ಹಕ್ಕುಗಳ ಘೋಷಣೆಯ ಮೇಲೆ ಸಿಟ್ಟಾಗಿ. ಅವರ ಮಾತಿನಲ್ಲಿ ಎರಡು ಆಕ್ಷೇಪ ಇವೆ, ಬಿಡಿಸಿ ನೋಡಬೇಕು.

ಮೊದಲನೆಯದು ನೀವು ಎತ್ತಿದ್ದು. ಇದಕ್ಕೆ ಅಮರ್ತ್ಯ ಸೇನ್ ಕೊಡುವ ಉತ್ತರ ನನಗೆ ಸಾಕು ಅನಿಸುತ್ತದೆ. ಹಕ್ಕು ಇತ್ತು ಅಂದಾಗ ಕಾನೂನಿನ ಪುಸ್ತಕದಲ್ಲಿ ಇತ್ತು ಅಂತ ಯಾರೂ ಹೇಳುತ್ತಿಲ್ಲ. ಅದೊಂದು ನೈತಿಕ ಬೇಡಿಕೆ, ಬಹಿರಂಗ ಚರ್ಚೆಯಲ್ಲಿ ಎಲ್ಲ ಕಡೆಯಿಂದ ಪರೀಕ್ಷೆಗೊಡ್ಡಿದರೂ ನಿಲ್ಲಬಲ್ಲದ್ದು. ಎಷ್ಟೋ ಸಲ ಇಂಥ ಬೇಡಿಕೆಯೇ ಕಾನೂನನ್ನು ಹುಟ್ಟಿಸುತ್ತದೆ. ಮಗು ಅಪ್ಪನಿಗಿಂತ ಮೊದಲು ಹುಟ್ಟಬೇಕು ಅಂತ ಬೆಂಥಮ್ ಹಟ ಹಿಡಿದ ಹಾಗಿದೆ!

ಎರಡನೆಯದು ಗಟ್ಟಿ ಆಕ್ಷೇಪ. ಪ್ರತಿಯೊಬ್ಬನೂ "ಈ ಕಾನೂನು ನನ್ನ ಹಕ್ಕಿಗೆ ವಿರುದ್ಧ, ಆದ್ದರಿಂದ ಕಾನೂನೇ ಅಲ್ಲ" ಅಂತ ಹೊರಟರೆ ಯಾವ ಕಾನೂನು ಉಳಿದೀತು? ರಾಡ್‌ಬ್ರುಖ್ "ಸಹಿಸಲಾಗದ ಮಟ್ಟ" ಅಂತ ಅಷ್ಟು ಎತ್ತರದ ಹೊಸಿಲು ಇಟ್ಟದ್ದು ಅದಕ್ಕೇ. ಅಷ್ಟಾದರೂ ಇಂಗ್ಲೆಂಡಿನ ಕಾನೂನು ಪಂಡಿತ ಎಚ್. ಎಲ್. ಎ. ಹಾರ್ಟ್ 1958ರಲ್ಲಿ ತಕರಾರು ತೆಗೆದರು. ಅದು ಕಾನೂನೇ ಆಗಿರಲಿಲ್ಲ ಅಂತ ನಾಟಕ ಯಾಕೆ? ಅದು ಕಾನೂನೇ, ಆದರೆ ಕೆಟ್ಟದ್ದು ಅನ್ನಿ. ಶಿಕ್ಷಿಸಲೇಬೇಕಿದ್ದರೆ ಹಿಂದಿನ ದಿನಾಂಕಕ್ಕೆ ಹೊಸ ಕಾನೂನು ಹಚ್ಚುತ್ತಿದ್ದೇವೆ ಅಂತ ಬಾಯಿಬಿಟ್ಟು ಒಪ್ಪಿಕೊಳ್ಳಿ, ಎಂದರು.

ಇಲ್ಲಿ ಬಹಳ ಜನ ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. ಹುಡುಗನಿಗೆ ಹಕ್ಕು ಇತ್ತೇ ಅನ್ನುವುದು ಒಂದು. ಕಾವಲುಗಾರನನ್ನು ಶಿಕ್ಷಿಸಬಹುದೇ ಅನ್ನುವುದು ಬೇರೆಯೇ. ಮೊದಲನೆಯದಕ್ಕೆ ಹೌದು ಅಂದು ಎರಡನೆಯದಕ್ಕೆ ಇಲ್ಲ ಅನ್ನಬಹುದು. ಯಾಕೆಂದರೆ ಆ ಕಾವಲುಗಾರನಿಗೂ ಒಂದು ಹಕ್ಕಿದೆ: ಮಾಡಿದಾಗ ಅಪರಾಧ ಅಲ್ಲದ್ದಕ್ಕೆ ಆಮೇಲೆ ಶಿಕ್ಷೆ ಕೊಡಬಾರದು. ಹಾರ್ಟ್ ಅವರ ಪೆಟ್ಟು ಎರಡನೆಯದರ ಮೇಲೆ ಬೀಳುತ್ತದೆ, ಮೊದಲನೆಯದಕ್ಕೆ ತಾಗುವುದಿಲ್ಲ. ಕೋರ್ಟು ಆ ಇಬ್ಬರನ್ನು ತಪ್ಪಿತಸ್ಥರು ಅಂದರೂ ಎರಡು ವರ್ಷದೊಳಗಿನ ಶಿಕ್ಷೆ ಕೊಟ್ಟು, ಅದನ್ನೂ ತಡೆಹಿಡಿದು, ಜೈಲಿಗೆ ಕಳಿಸಲಿಲ್ಲ. ಈ ಎಳೆದಾಟ ಅಲ್ಲೇ ಕಾಣುತ್ತದೆ.

ಇನ್ನೊಬ್ಬರು: ನನ್ನದೊಂದು ಸಮಸ್ಯೆ ಮೇಡಂ. ನಾನು ಕೆಲಸ ಮಾಡುವ ಕಡೆ ಎರಡು ವರ್ಷದಿಂದ ಸಂಬಳ ಸಹಿತ ರಜೆ ಒಂದು ದಿನವೂ ಕೊಟ್ಟಿಲ್ಲ. ಕೇಳಿದರೆ ಬಿಟ್ಟು ಹೋಗು ಅಂತಾರೆ. ಇದು ಮಾನವ ಹಕ್ಕು ಉಲ್ಲಂಘನೆ ಅಲ್ವಾ? ಯಾರಿಗೆ ದೂರು ಕೊಡಲಿ?

ಉತ್ತರ: ನಿಮಗೆ ಬೇಕಾದದ್ದು ತತ್ತ್ವಶಾಸ್ತ್ರ ಅಲ್ಲ, ಕಾರ್ಮಿಕ ಕಾನೂನು ಬಲ್ಲ ಒಬ್ಬ ವಕೀಲರು. ನೇಮಕಾತಿ ಪತ್ರ, ಸಂಬಳದ ಚೀಟಿ, ರಜೆ ಕೇಳಿ ಕಳಿಸಿದ ಸಂದೇಶ ಎಲ್ಲ ಎತ್ತಿಟ್ಟುಕೊಂಡು ಹೋಗಿ.

ಆದರೆ ನಿಮಗೇ ಗೊತ್ತಿಲ್ಲದೆ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದೀರಿ. 1948ರ ಘೋಷಣೆಯ 24ನೇ ಕಲಮಿನಲ್ಲಿ ಸಂಬಳ ಸಹಿತ ರಜೆಯೂ ಇದೆ. ಮಾರಿಸ್ ಕ್ರಾನ್‌ಸ್ಟನ್ ಎಂಬ ಬ್ರಿಟಿಷ್ ಚಿಂತಕರು ಇದನ್ನೇ ಹಿಡಿದು ಝಾಡಿಸಿದರು. ಚಿತ್ರಹಿಂಸೆಯಿಂದ ತಪ್ಪಿಸಿಕೊಳ್ಳುವುದೂ ರಜೆಯೂ ಒಂದೇ ಸಾಲಿನಲ್ಲಾ? ಹೀಗೆ ಸೇರಿಸುತ್ತಾ ಹೋದರೆ ಮೊದಲನೆಯದರ ತೂಕವೂ ಕಳೆದುಹೋಗುತ್ತದೆ ಎಂದರು.

ಇದಕ್ಕಿಂತ ಆಳಕ್ಕೆ ಹೋದವರು ತತ್ತ್ವಶಾಸ್ತ್ರಜ್ಞೆ ಒನೋರಾ ಓನೀಲ್. ಹಕ್ಕು ಅಂದಮೇಲೆ ಅದನ್ನು ಸಲ್ಲಿಸಬೇಕಾದವರು ಯಾರು ಅಂತ ತೋರಿಸಬೇಕು ಎನ್ನುತ್ತಾರೆ. ಗೋಡೆಯ ಹತ್ತಿರ ಇದು ಸುಲಭ. ಗುಂಡು ಹೊಡೆಯಬಾರದು ಎನ್ನುವ ಕರ್ತವ್ಯ ಎಲ್ಲರದ್ದೂ, ಯಾರು ಮುರಿದರು ಅಂತ ಬೆರಳು ಮಾಡಿ ತೋರಿಸಬಹುದು. ರಜೆ, ಊಟ, ಔಷಧಿ ಕೊಡುವ ಕರ್ತವ್ಯ ಮಾತ್ರ ಯಾರದು? ಕಾನೂನು, ಸಂಸ್ಥೆ, ಬಜೆಟ್ ಬಂದು ಇಂಥವರದು ಅಂತ ಹಂಚುವವರೆಗೆ ಅದು ತೇಲುತ್ತಲೇ ಇರುತ್ತದೆ. ಹಾಗಾದರೆ ಇಂಥ ಹಕ್ಕು ಕಾನೂನಿಗೂ ಮೊದಲು ಇತ್ತು ಅನ್ನುವುದು ಹೇಗೆ? ಸೇನ್ ಉತ್ತರ ಏನೆಂದರೆ, ಯಾರು ಎಷ್ಟು ಮಾಡಬೇಕು ಅಂತ ಖಚಿತ ಇಲ್ಲದಿದ್ದರೂ ಕರ್ತವ್ಯ ಇಲ್ಲ ಅಂತಲ್ಲ. ಸಹಾಯ ಮಾಡಬಲ್ಲವರು ತಾವೇನು ಮಾಡಬಹುದು ಅಂತ ಗಂಭೀರವಾಗಿ ಯೋಚಿಸಲಾದರೂ ಬದ್ಧರು. ನನಗೆ ಇದು ಪೂರ್ತಿ ಸಮಾಧಾನ ಕೊಟ್ಟಿಲ್ಲ. ಯೋಚನೆ ಮಾಡಿ ಎದ್ದು ಹೋದವರನ್ನು ಹಕ್ಕು ತುಳಿದವರು ಅನ್ನಬಹುದಾ?

ವಕೀಲರು: ಹಾಗಾದರೆ "ಸಹಿಸಲಾಗದ ಮಟ್ಟ" ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಗೆದ್ದವರೇ ತಾನೆ? ಒಂದು ಸಮಾಜಕ್ಕೆ ಅನ್ಯಾಯ ಅನಿಸಿದ್ದು ಇನ್ನೊಂದಕ್ಕೆ ನಿಯಮ.

ಉತ್ತರ: ಇದೇ ಆತಂಕದಿಂದ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ 1947ರಲ್ಲಿ, ಘೋಷಣೆ ತಯಾರಾಗುತ್ತಿದ್ದಾಗಲೇ, ಎಚ್ಚರಿಕೆ ಕೊಟ್ಟು ಹೇಳಿಕೆ ಹೊರಡಿಸಿತು. ಆಮೇಲೆ 1999ರಲ್ಲಿ ಅದೇ ಸಂಘ ಮಾನವ ಹಕ್ಕುಗಳ ಪರವಾಗಿ ನಿಂತಿತು. ಪ್ರತಿ ಸಂಸ್ಕೃತಿಯನ್ನೂ ಗೌರವಿಸಬೇಕು ಅನ್ನುವುದು ಸಹ ಯಾವ ಕಾನೂನೂ ಬರೆಯುವ ಮೊದಲೇ ಇಡುವ ಬೇಡಿಕೆ, ಅದನ್ನು ಮರೆಯಬೇಡಿ. ಮತ್ತೆ, ಪೂರ್ವ ಜರ್ಮನಿಯ ಪರವಾಗಿ ಮಾತಾಡುವವರು ಯಾರು? ಗಡಿ ಕಾಯ್ದೆ ಬರೆದವರೋ, ಏಣಿ ತಂದವನೋ? ಗೆದ್ದವರ ನ್ಯಾಯ ಅನ್ನುವ ನಿಮ್ಮ ಮಾತಿನಲ್ಲಿ ಮಾತ್ರ ಹುರುಳಿದೆ. ತೀರ್ಪು ಕೊಟ್ಟದ್ದು ಹೊಸ ದೇಶದ ಕೋರ್ಟು. ಯಾರು ಅಳೆಯಬೇಕು ಅನ್ನುವುದಕ್ಕೆ ನನಗೆ ಒಪ್ಪಿಗೆಯಾದ ಉತ್ತರ ಇನ್ನೂ ಸಿಕ್ಕಿಲ್ಲ.

ವಿದ್ಯಾರ್ಥಿ: ಗುಂಡಿನ ವಿಷಯಕ್ಕೆ ಒಪ್ಪಿದೆ ಮೇಡಂ. ರಜೆಯ ವಿಷಯಕ್ಕೆ ನಾನಿನ್ನೂ ಬೆಂಥಮ್ ಪಕ್ಷವೇ.

ವಕೀಲರು: ನಾನು ಕಾವಲುಗಾರನ ವಿರುದ್ಧ ವಾದಿಸಬೇಕಾಗಿದ್ದರೆ ಯಾವುದನ್ನು ಮೊದಲು ಎತ್ತಲಿ?

ಉತ್ತರ: ಒಪ್ಪಂದವನ್ನೂ ಆ ದೇಶದ ಸ್ವಂತ ಕಾನೂನನ್ನೂ ಎತ್ತಿ ಸರ್. 2001ರಲ್ಲಿ ಪೂರ್ವ ಜರ್ಮನಿಯ ಕೊನೆಯ ನಾಯಕರಲ್ಲೊಬ್ಬರಾದ ಎಗೋನ್ ಕ್ರೆಂಜ್ ಮತ್ತಿತರರ ಅರ್ಜಿಯ ಮೇಲೆ ಯುರೋಪಿನ ಮಾನವ ಹಕ್ಕು ಕೋರ್ಟು ತೀರ್ಪು ಕೊಟ್ಟಿತು. ಆಗಲೂ ಕೋರ್ಟು ಮುಖ್ಯವಾಗಿ ಆ ದೇಶದ ಸ್ವಂತ ಕಾನೂನನ್ನೇ ಓದಿ, ಇದರ ಪ್ರಕಾರವೂ ಇದು ಅಪರಾಧವೇ ಆಗಿತ್ತು ಅಂದಿತು. ರಾಡ್‌ಬ್ರುಖ್ ಅವರನ್ನು ಬೇರೆ ದಾರಿಯೇ ಇಲ್ಲ ಅನ್ನುವಾಗ ತನ್ನಿ. ಮೊದಲೇ ತಂದರೆ ನ್ಯಾಯಾಧೀಶರು ನಿಮ್ಮ ಕೈಯಲ್ಲಿ ಕಾನೂನೇ ಇಲ್ಲ ಅಂದುಕೊಳ್ಳುತ್ತಾರೆ.